ಜತ್ತದ ಹುಡುಗನ ರೇಟಿಂಗ್: ಗಡಿಯಾರ, ಎದುರಾಳಿ ಮತ್ತು ಒಂದು ಸಂಖ್ಯೆಯ ಅರ್ಥ

ಸಾಂಗ್ಲಿ ಜಿಲ್ಲೆಗೆ ಚದುರಂಗದಲ್ಲಿ ದೊಡ್ಡ ಹೆಸರಿದೆ. ಭಾವುಸಾಹೇಬ ಪಡಸಲಗೀಕರ ಅವರು ಕಟ್ಟಿದ ನೂತನ ಬುದ್ಧಿಬಳ ಮಂಡಳ ಇರುವುದು ಸಾಂಗ್ಲಿ ಪಟ್ಟಣದಲ್ಲಿ. ಐದು ಬಾರಿ ರಾಷ್ಟ್ರೀಯ ಮಹಿಳಾ ಚಾಂಪಿಯನ್ ಆದ ಭಾಗ್ಯಶ್ರೀ ಸಾಠೆ ಠಿಪ್ಸೆ ಮತ್ತು ಮಹಿಳಾ ಗ್ರ್ಯಾಂಡ್‌ಮಾಸ್ಟರ್ ಸ್ವಾತಿ ಘಾಟೆ ಬೆಳೆದದ್ದು ಅಲ್ಲಿಯೇ. ಅದೇ ಜಿಲ್ಲೆಯ ಪೂರ್ವದ ತುದಿಯಲ್ಲಿರುವ ಜತ್ತ ತಾಲೂಕಿನ ಮಾತು ಬೇರೆ. ಮಳೆ ಕಡಿಮೆ ಬೀಳುವ ಸೀಮೆ. ಉಮದಿ, ಸಂಖ, ಗುಡ್ಡಾಪುರದಂಥ ಊರುಗಳಲ್ಲಿ ಮನೆಮಾತು ಕನ್ನಡ. ಉಮದಿಯವರಿಗೆ ಜಿಲ್ಲಾ ಕೇಂದ್ರಕ್ಕಿಂತ ಗಡಿಯಾಚೆಯ ವಿಜಯಪುರವೇ ಹತ್ತಿರ. ಇಂಥ ಅಂಚಿನ ಊರಿನಿಂದ ಬಂದ ಆಟಗಾರನ ಹೆಸರಿನ ಮುಂದೆ ವಿಶ್ವ ಚದುರಂಗ ಒಕ್ಕೂಟವಾದ ಫಿಡೆ ಒಂದು ಸಂಖ್ಯೆಯನ್ನು ಬರೆದಾಗ ಅದು ಏನನ್ನು ಹೇಳುತ್ತದೆ ಎಂಬುದು ಈ ಲೇಖನದ ಪ್ರಶ್ನೆ. ನನ್ನ ವಾದ ಇಷ್ಟು: ರೇಟಿಂಗ್‌ನಲ್ಲಿ ಆಟಗಾರನ ಬಲದ ಜೊತೆಗೆ ಅವನು ಯಾರೊಡನೆ, ಎಷ್ಟು ಹೊತ್ತಿನ ಆಟ ಆಡಲು ಸಾಧ್ಯವಾಯಿತು ಎಂಬುದೂ ಬೆರೆತಿರುತ್ತದೆ. ಈ ಎರಡನ್ನು ಬಿಡಿಸಿ ನೋಡದೆ ಆ ಸಂಖ್ಯೆಯನ್ನು ಓದಿದರೆ ಅಂಚಿನ ಊರಿನ ಆಟಗಾರನನ್ನು ತಪ್ಪಾಗಿ ಅಳೆದಂತಾಗುತ್ತದೆ.

ಗಡಿಯಾರದ ವಿಂಗಡಣೆ

ಮೊದಲು ಸಮಯದ ಲೆಕ್ಕ. ಫಿಡೆ ಪ್ರತಿ ಆಟಗಾರನಿಗೆ ಮೂರು ಪ್ರತ್ಯೇಕ ರೇಟಿಂಗ್ ಇಡುತ್ತದೆ: ಕ್ಲಾಸಿಕಲ್, ರ‍್ಯಾಪಿಡ್, ಬ್ಲಿಟ್ಜ್. ಒಂದು ಆಟ ಯಾವ ಪಟ್ಟಿಗೆ ಸೇರಬೇಕು ಎಂಬುದನ್ನು ಗಡಿಯಾರಕ್ಕೆ ಹಾಕಿದ ಸಮಯವೇ ತೀರ್ಮಾನಿಸುತ್ತದೆ. ಆಟ 60 ನಡೆ ನಡೆಯಿತು ಎಂದು ಭಾವಿಸಿ, ಆರಂಭದ ನಿಮಿಷಗಳಿಗೆ ಪ್ರತಿ ನಡೆಗೆ ಸಿಗುವ ಹೆಚ್ಚುವರಿ ಸೆಕೆಂಡುಗಳನ್ನು ಕೂಡಿಸಬೇಕು. 90 ನಿಮಿಷ, ನಡೆಗೆ 30 ಸೆಕೆಂಡ್ ಎಂದರೆ ಒಟ್ಟು 120 ನಿಮಿಷ; ಇದು ಕ್ಲಾಸಿಕಲ್. 15 ನಿಮಿಷ, ನಡೆಗೆ 10 ಸೆಕೆಂಡ್ ಎಂದರೆ 25 ನಿಮಿಷ, ಇದು ರ‍್ಯಾಪಿಡ್. ಹತ್ತು ನಿಮಿಷ ಮತ್ತು ಅದಕ್ಕಿಂತ ಕಡಿಮೆ ಇದ್ದರೆ ಬ್ಲಿಟ್ಜ್. ಹೆಚ್ಚುವರಿ ಸೆಕೆಂಡ್ ಇಲ್ಲದ ಹತ್ತು ನಿಮಿಷದ ಆಟ ಬ್ಲಿಟ್ಜ್ ಎನಿಸಿಕೊಳ್ಳುತ್ತದೆ. ಅದಕ್ಕೇ ನಡೆಗೆ ಒಂದು ಸೆಕೆಂಡ್ ಸೇರಿಸಿದರೆ ಒಟ್ಟು 11 ನಿಮಿಷವಾಗಿ ರ‍್ಯಾಪಿಡ್ ಆಗುತ್ತದೆ.

ಕಾಗದದ ಮೇಲೆ ಇದು ಸಣ್ಣ ಭೇದ. ಆಡುವವನಿಗೆ ಇದು ದಿನಗಳ ಲೆಕ್ಕ. 90 ನಿಮಿಷ, 30 ಸೆಕೆಂಡಿನ ಒಂದು ಆಟಕ್ಕೆ ನಾಲ್ಕು ತಾಸು ಹಿಡಿಯಬಹುದು. ದಿನಕ್ಕೆ ಎರಡು ಸುತ್ತು ಎಂದರೂ ಒಂಬತ್ತು ಸುತ್ತಿಗೆ ಐದು ದಿನ ಬೇಕು. ಅಷ್ಟು ದಿನ ಸಾಂಗ್ಲಿಯಲ್ಲೋ ಪುಣೆಯಲ್ಲೋ ಖೋಲಿ ಹಿಡಿದು ಉಳಿಯಬೇಕು. ಮಗನ ಜೊತೆ ಬಂದ ಅಪ್ಪನ ಹೊಲದ ಕೆಲಸವೂ ನಿಲ್ಲುತ್ತದೆ. ರ‍್ಯಾಪಿಡ್ ಟೂರ್ನಿಯ ಏಳು ಸುತ್ತು ಒಂದೇ ಭಾನುವಾರ ಮುಗಿಯುತ್ತವೆ; ಸಂಜೆಯ ಬಸ್ಸಿಗೆ ಊರು ಸೇರಬಹುದು. ಹೀಗಾಗಿ ದೂರದೂರಿನ ಹುಡುಗನಿಗೆ ಕೈಗೆಟುಕುವುದು ರ‍್ಯಾಪಿಡ್. ಗ್ರ್ಯಾಂಡ್‌ಮಾಸ್ಟರ್ ಪದವಿಯ ನಾರ್ಮ್ ಸಿಗುವುದು ಮಾತ್ರ ಕ್ಲಾಸಿಕಲ್ ಆಟದಿಂದಲೇ. ಅವನ ಅಭ್ಯಾಸವೆಲ್ಲ ಒಂದು ಪಟ್ಟಿಯಲ್ಲಿ ಜಮೆಯಾದರೆ, ಅವನನ್ನು ಅಳೆಯುವುದು ಇನ್ನೊಂದು ಪಟ್ಟಿಯಿಂದ.

ಗಡಿಯಾರ ಆಟದ ರೀತಿಯನ್ನೂ ಬದಲಿಸುತ್ತದೆ. ಮನೆಯ ಪಡಸಾಲೆಯಲ್ಲಿ ಗಡಿಯಾರವಿಲ್ಲದೆ ಆಡಿ ಕಲಿತವನು ಆನೆಯನ್ನು ಬೆರಳಿನಿಂದ ತಟ್ಟುತ್ತಾ ಯೋಚಿಸುವ ರೂಢಿ ಇಟ್ಟುಕೊಂಡಿರುತ್ತಾನೆ. ಟೂರ್ನಿಯಲ್ಲಿ ಬೇಕೆಂದೇ ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಕಾಯಿ ನಡೆಸಿದ ಕೈಯಿಂದಲೇ ಗಡಿಯಾರ ಒತ್ತಬೇಕು. ನಡೆಗೆ 30 ಸೆಕೆಂಡ್ ಸಿಗುವ ಆಟದಲ್ಲಿ ಕೊನೆಯವರೆಗೂ ಪ್ರತಿ ನಡೆಯನ್ನು ಹಾಳೆಯಲ್ಲಿ ಬರೆಯಬೇಕು. ಉಳಿದದ್ದು 40 ಸೆಕೆಂಡ್ ಮಾತ್ರ ಎನ್ನುವಾಗ ಬರೆಯಬೇಕೋ, ಒಂಟೆ ಹೊಡೆಯಲು ಬರುತ್ತದೆಯೋ ಇಲ್ಲವೋ ನೋಡಬೇಕೋ ಎಂಬ ಗೊಂದಲದಲ್ಲಿ ಗೆದ್ದ ಆಟ ಕೈಬಿಡುತ್ತದೆ. ಹೀಗೆ ಸೋತವನ ನಡೆಗಳ ಹಾಳೆ ನೋಡಿದರೆ ಕಾರಣ ಗೊತ್ತಾಗುತ್ತದೆ. ಮೊದಲ 30 ನಡೆ ಚೊಕ್ಕವಾಗಿದ್ದು, ಅಕ್ಷರ ಕೆಟ್ಟ ಜಾಗದಿಂದಲೇ ತಪ್ಪುಗಳೂ ಶುರುವಾಗಿದ್ದರೆ, ಕೊರತೆಯಿರುವುದು ಚದುರಂಗದ ತಿಳಿವಳಿಕೆಯಲ್ಲಲ್ಲ, ಸಮಯ ಹಂಚಿಕೊಳ್ಳುವುದರಲ್ಲಿ.

ಒಂದು ಟೂರ್ನಿಯ ಲೆಕ್ಕ

ಈಗ ಸಂಖ್ಯೆ ಹುಟ್ಟುವ ಬಗೆ. ಅಮೆರಿಕದಲ್ಲಿ ನೆಲೆಸಿದ್ದ ಭೌತಶಾಸ್ತ್ರದ ಅಧ್ಯಾಪಕ ಅರ್ಪಾದ್ ಈಲೋ ರೂಪಿಸಿದ ಪದ್ಧತಿಯನ್ನು ಫಿಡೆ 1970ರಲ್ಲಿ ಒಪ್ಪಿಕೊಂಡಿತು. ಅದರ ತಿರುಳು ಸರಳ. ಇಬ್ಬರ ರೇಟಿಂಗ್‌ನ ಅಂತರದಿಂದ ಪ್ರತಿಯೊಬ್ಬನೂ ಗಳಿಸಬೇಕಾದ ಪಾಯಿಂಟನ್ನು ಮೊದಲೇ ಅಂದಾಜು ಮಾಡಲಾಗುತ್ತದೆ. ಅಂದಾಜಿಗಿಂತ ಹೆಚ್ಚು ಗಳಿಸಿದರೆ ರೇಟಿಂಗ್ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ.

`ಹೊಸ ರೇಟಿಂಗ್ = ಹಳೆಯದು + K × (ಗಳಿಕೆ − ಅಂದಾಜು)`

ಇಲ್ಲಿನ K ಏರಿಳಿತದ ವೇಗ. ಕ್ಲಾಸಿಕಲ್‌ನಲ್ಲಿ ಹೊಸಬರಿಗೆ ಮೊದಲ 30 ಆಟ ಮುಗಿಯುವವರೆಗೆ 40. 18 ತುಂಬುವ ವರ್ಷದ ಕೊನೆಯವರೆಗೆ, ರೇಟಿಂಗ್ 2300ರ ಒಳಗಿರುವ ಮಕ್ಕಳಿಗೂ 40. ದೊಡ್ಡವರಿಗೆ 20, ಒಮ್ಮೆ 2400 ಮುಟ್ಟಿದವರಿಗೆ 10.

ಲೆಕ್ಕಕ್ಕಾಗಿ ಉಮದಿಯ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳೋಣ. ವಯಸ್ಸು 14, ರೇಟಿಂಗ್ 1500. ಒಂದು ಟೂರ್ನಿಯಲ್ಲಿ ಅವನಿಗೆ ರೇಟಿಂಗ್ ಇರುವ ಐವರು ಎದುರಾದರು: 1600, 1700, 1500, 1550, 1450. ಫಿಡೆಯ ಕೋಷ್ಟಕದ ಪ್ರಕಾರ ಇವರೆದುರು ಅವನ ಅಂದಾಜು ಕ್ರಮವಾಗಿ 0.36, 0.24, 0.50, 0.43, 0.57, ಒಟ್ಟು 2.10. ಅವನು ಗಳಿಸಿದ್ದು 3. ವ್ಯತ್ಯಾಸ 0.90, ಅದನ್ನು 40ರಿಂದ ಗುಣಿಸಿದರೆ 36. ಹೊಸ ರೇಟಿಂಗ್ 1536. ಇದೇ ಫಲಿತಾಂಶ 30 ವರ್ಷದ ಅನುಭವಿ ಆಟಗಾರನದಾಗಿದ್ದರೆ ಸಿಗುತ್ತಿದ್ದುದು 18 ಮಾತ್ರ. ಹುಡುಗ ಉಳಿದ ಸುತ್ತುಗಳಲ್ಲಿ ರೇಟಿಂಗ್ ಇಲ್ಲದವರನ್ನು ಸೋಲಿಸಿದ್ದರೆ ಆ ಗೆಲುವು ಟೂರ್ನಿಯ ಪಟ್ಟಿಯಲ್ಲಿ ಒಂದೊಂದು ಪಾಯಿಂಟ್ ಆಗಿ ಕಾಣುತ್ತದೆ, ರೇಟಿಂಗ್‌ಗೆ ಮಾತ್ರ ಏನೂ ಸೇರುವುದಿಲ್ಲ. ಹಳ್ಳಿಗಾಡಿನ ಟೂರ್ನಿಗಳಲ್ಲಿ ಸ್ಥಾನ ಮೇಲೇರಿದರೂ ರೇಟಿಂಗ್ ಅಲುಗದೆ ಇರುವುದಕ್ಕೆ ಇದು ಮೊದಲ ಕಾರಣ.

ಮುಚ್ಚಿದ ಕೊಳ

ಎರಡನೆಯ ಕಾರಣ ಇನ್ನೂ ಆಳದ್ದು. ಒಂದೇ K ಇರುವ ಇಬ್ಬರು ಆಡಿದಾಗ ಒಬ್ಬ ಗಳಿಸಿದಷ್ಟನ್ನೇ ಇನ್ನೊಬ್ಬ ಕಳೆದುಕೊಳ್ಳುತ್ತಾನೆ. ಒಂದು ತಾಲೂಕಿನ ಹತ್ತು ಮಕ್ಕಳು, ಎಲ್ಲರಿಗೂ 1450ರ ಆಸುಪಾಸು ರೇಟಿಂಗ್, ವರ್ಷವಿಡೀ ತಮ್ಮತಮ್ಮಲ್ಲೇ ರೇಟಿಂಗ್ ಟೂರ್ನಿ ಆಡಿದರು ಎಂದಿಟ್ಟುಕೊಳ್ಳಿ. ಹತ್ತೂ ಜನ ಕಲಿತು ನಿಜವಾಗಿ 200 ಪಾಯಿಂಟ್‌ನಷ್ಟು ಬಲಿತಿರಬಹುದು. ಆದರೂ ವರ್ಷದ ಕೊನೆಗೆ ಅವರ ಸರಾಸರಿ 1450ರಲ್ಲೇ ಇರುತ್ತದೆ. ಕೊಳದೊಳಗೆ ನೀರು ಅತ್ತಿತ್ತ ಹರಿದಾಡುತ್ತದೆ. ಹೊರಗಿಂದ ಹಳ್ಳ ಬಂದು ಸೇರುವವರೆಗೆ ಮಟ್ಟ ಏರುವುದಿಲ್ಲ.

ಈ ಮಕ್ಕಳು ಹೊರಗೆ ಹೋದ ದಿನ ಸತ್ಯ ಹೊರಬೀಳುತ್ತದೆ. 1650ರ ಆಟಗಾರನ ಎದುರು 1450ರವನ ಅಂದಾಜು 0.24. ನಿಜದ ಬಲ ಸಮವಾಗಿರುವುದರಿಂದ ಅವನು ಸರಾಸರಿ ಅರ್ಧ ಪಾಯಿಂಟ್ ತೆಗೆಯುತ್ತಾನೆ. ಪ್ರತಿ ಆಟಕ್ಕೆ ಹತ್ತಕ್ಕಿಂತ ಹೆಚ್ಚು ಗಳಿಸುತ್ತಾನೆ. ಎದುರು ಕುಳಿತ ದೊಡ್ಡವನು ತನ್ನ ತಪ್ಪಿಲ್ಲದೆಯೇ ಆಟಕ್ಕೆ ಐದರಷ್ಟು ಕಳೆದುಕೊಳ್ಳುತ್ತಾನೆ. ಮುಚ್ಚಿದ ಕೊಳವನ್ನು ಗುರುತಿಸುವ ಬಗೆಯೂ ಇದೇ: ಒಂದು ಊರಿನ ಆಟಗಾರರು ಒಳಗಿನ ಟೂರ್ನಿಗಳಲ್ಲಿ ಅಂದಾಜಿನಷ್ಟೇ ಗಳಿಸುತ್ತಾ, ಹೊರಗೆ ಹೋದಾಗಲೆಲ್ಲ ಬಹುತೇಕ ಎಲ್ಲರೂ ಅಂದಾಜು ಮೀರುತ್ತಿದ್ದರೆ ಆ ಊರಿನ ರೇಟಿಂಗ್ ತಗ್ಗಿದೆ ಎಂದರ್ಥ. ಒಬ್ಬನೇ ಮೀರಿದರೆ ಅದು ಅವನ ಪ್ರಗತಿ. ಎಲ್ಲರೂ ಮೀರಿದರೆ ಅದು ಅಳತೆಯ ದೋಷ.

ತಗ್ಗಿದ ರೇಟಿಂಗ್ ಟೂರ್ನಿಯ ಸ್ಥಾನಕ್ಕೂ ತಾಕುತ್ತದೆ. ಸ್ವಿಸ್ ಪದ್ಧತಿಯಲ್ಲಿ ಆಟಗಾರರನ್ನು ರೇಟಿಂಗ್ ಕ್ರಮದಲ್ಲಿ ಜೋಡಿಸಿ, ಮೊದಲ ಸುತ್ತಿನಲ್ಲಿ ಮೇಲಿನ ಅರ್ಧವನ್ನು ಕೆಳಗಿನ ಅರ್ಧದೊಡನೆ ಆಡಿಸುತ್ತಾರೆ. 60 ಜನರ ಟೂರ್ನಿಯಲ್ಲಿ 40ನೆಯವನು 10ನೆಯವನನ್ನು ಎದುರಿಸಬೇಕು. ಅದೇ ಹುಡುಗ ತನ್ನ ನಿಜದ ಬಲದಂತೆ 20ನೆಯವನಾಗಿದ್ದರೆ ಎದುರಿಗೆ ಬರುತ್ತಿದ್ದುದು 50ನೆಯವನು.

2024ರ ತಿದ್ದುಪಡಿ

ತಗ್ಗುವಿಕೆ ಜತ್ತದ್ದಷ್ಟೇ ಸಮಸ್ಯೆಯಲ್ಲ. ಹಿಂದೆ 2200ರಿಂದ ಶುರುವಾಗುತ್ತಿದ್ದ ಪಟ್ಟಿಯ ತಳವನ್ನು ಫಿಡೆ ಹಂತಹಂತವಾಗಿ 1000ಕ್ಕೆ ಇಳಿಸಿತ್ತು. ತೀರ ಕೆಳಗೆ ಸೇರಿಕೊಂಡು ಬೇಗ ಬಲಿತ ಮಕ್ಕಳಿಂದಾಗಿ ಕೆಳಭಾಗದ ಅಂಕಿಗಳು ಜಗ್ಗಿದ್ದವು. ಸಂಖ್ಯಾತಜ್ಞ ಜೆಫ್ ಸೋನಾಸ್ ಅವರ ವಿಶ್ಲೇಷಣೆಯನ್ನು ಆಧರಿಸಿ ಫಿಡೆ 2024ರ ಮಾರ್ಚ್ 1ರಂದು 2000ಕ್ಕಿಂತ ಕಡಿಮೆ ಇದ್ದ ಕ್ಲಾಸಿಕಲ್ ರೇಟಿಂಗ್‌ಗಳನ್ನು ಒಂದು ಬಾರಿಗೆ ಎತ್ತರಿಸಿತು. ತಳವನ್ನು 1400ಕ್ಕೆ ಏರಿಸಿತು.

`ಹೊಸ ರೇಟಿಂಗ್ = ಹಳೆಯದು + 0.40 × (2000 − ಹಳೆಯದು)`

1450 ಇದ್ದವನು 1670 ಆದ. 1650 ಇದ್ದವನು 1790 ಆದ. ಅವರ ನಡುವಿನ 200ರ ಅಂತರ 120ಕ್ಕೆ ಕುಗ್ಗಿತು. ಅಂಚಿನ ಆಟಗಾರನಿಗೆ ಇದರಿಂದ ಅನುಕೂಲವಾಯಿತು, ನಿಜ. ಆದರೆ ಸೂತ್ರ ಕಂಡದ್ದು ಹಳೆಯ ಸಂಖ್ಯೆಯೊಂದನ್ನೇ. ಚೆನ್ನೈಯಲ್ಲಿ ವಾರವಾರ ಹೊಸ ಎದುರಾಳಿಗಳೊಡನೆ ಆಡಿ 1450ರಲ್ಲಿದ್ದವನಿಗೂ, ಊರವರೊಡನೆಯೇ ಆಡಿ 1450ರಲ್ಲಿದ್ದವನಿಗೂ ಸಿಕ್ಕಿದ್ದು ಅದೇ 220. ಮೊದಲನೆಯವನ ಅಂಕಿ ನಿಜದ ಬಲಕ್ಕೆ ಹತ್ತಿರವಿತ್ತು, ಎರಡನೆಯವನದು ದೂರವಿತ್ತು. ಆ ಭೇದ ತಿದ್ದುಪಡಿಯ ನಂತರವೂ ಉಳಿಯಿತು. ಕೊಳಕ್ಕೆ ಒಮ್ಮೆ ನೀರು ಸುರಿದರೂ ಅದು ಮುಚ್ಚಿದ ಕೊಳವೇ.

ಗಡಿ ದಾಟುವ ಸಂಖ್ಯೆ

ಕೊಳ ತೆರೆಯುವುದೆಂದರೆ ಹೊರಗಿನವರೊಡನೆ ಆಡುವುದು. ಇಲ್ಲಿ ಜತ್ತಕ್ಕೆ ಒಂದು ವಿಶೇಷ ಸೌಲಭ್ಯವಿದೆ. ರೇಟಿಂಗ್ ರಾಜ್ಯಗಳ ಗಡಿಯನ್ನು ಲೆಕ್ಕಿಸುವುದಿಲ್ಲ. ಮಹಾರಾಷ್ಟ್ರದ ಆಟಗಾರ ವಿಜಯಪುರದ ಮುಕ್ತ ರೇಟಿಂಗ್ ಟೂರ್ನಿಯಲ್ಲಿ ಆಡಿದರೂ ಸಾಂಗ್ಲಿಯಲ್ಲಿ ಆಡಿದರೂ ಫಲಿತಾಂಶ ಸೇರುವುದು ಅದೇ ಮಾಸಿಕ ಪಟ್ಟಿಗೆ. ಆದರೆ ರಾಜ್ಯ ತಂಡದ ಆಯ್ಕೆ ಗಡಿಯನ್ನು ನೋಡುತ್ತದೆ: ಉಮದಿಯ ಹುಡುಗ ಆಯ್ಕೆಗಾಗಿ ಸಾಂಗ್ಲಿ ಜಿಲ್ಲೆಯ ಮೂಲಕ ಮಹಾರಾಷ್ಟ್ರದ ಸಾಲಿನಲ್ಲೇ ನಿಲ್ಲಬೇಕು. ರೇಟಿಂಗ್ ಗಡಿಯಾಚೆ ಹೋಗಿ ಗಳಿಸಬಹುದು; ಆಯ್ಕೆಗೆ ಸಾಂಗ್ಲಿಯ ಕಡೆಗೇ ಹೋಗಬೇಕು.

ಹಾಗಾಗಿ ಜತ್ತದ ಆಟಗಾರನ ರೇಟಿಂಗ್ ಓದುವಾಗ ಪಕ್ಕದಲ್ಲಿ ಎರಡು ಪ್ರಶ್ನೆ ಇಟ್ಟುಕೊಳ್ಳಬೇಕು: ಈ ಸಂಖ್ಯೆಯ ಹಿಂದೆ ಎಷ್ಟು ಕ್ಲಾಸಿಕಲ್ ಆಟಗಳಿವೆ? ಅವುಗಳಲ್ಲಿ ಎಷ್ಟು ತಾಲೂಕಿನ ಹೊರಗಿನವರ ಎದುರು? ಎರಡಕ್ಕೂ ಉತ್ತರ ಫಿಡೆಯ ಜಾಲತಾಣದಲ್ಲಿ ಆಟಗಾರನ ಹೆಸರಿನಡಿ ತಿಂಗಳುವಾರು ಸಿಗುವ ಆಟಗಳ ವಿವರದಲ್ಲೇ ಇದೆ. ಹತ್ತಾರು ಆಟ, ಬಗೆಬಗೆಯ ಊರಿನ ಎದುರಾಳಿಗಳು ಎಂದಾದರೆ 1670 ಎಂಬುದನ್ನು 1670 ಎಂದೇ ಓದಬಹುದು. ಐದಾರೇ ಆಟ, ಅದೇ ನಾಲ್ಕು ಹೆಸರು ಎಂದಾದರೆ, ಆ ಹುಡುಗನ ಎದುರು ಮೊದಲ ಸುತ್ತಿನಲ್ಲಿ ಕೂರುವ 1850ರ ಆಟಗಾರ ಆತುರಪಡದೆ ಆಡುವುದು ಒಳ್ಳೆಯದು.