ಅಡಿಕೆ ತೋಟದ ಎರವಲು ಪದಗಳು: ಕೇಶಿರಾಜನಿಂದ ಈಚೆಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಲ್ಲಿ ಮಳೆ ಬಲಿಯುವ ಮೊದಲೇ ಕೊಳೆರೋಗಕ್ಕೆ ಮದ್ದು ಹೊಡೆಸುತ್ತಾರೆ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕದಡಿ ಡ್ರಮ್ಮಿನಲ್ಲಿ ಕೂಡಿಸಿದರೆ ಬೋರ್ಡೋ ದ್ರಾವಣ. ಕೊನೆಗೌಡ ಮರವೇರಿ ಕೊನೆಗಳಿಗೆ ಅದನ್ನು ಸಿಂಪಡಿಸುತ್ತಾನೆ. ಕನ್ನಡ ಬೇರೆ ಬೇರೆ ಕಾಲದಲ್ಲಿ ಪಡೆದ ಪದಗಳು ಈ ಒಂದೇ ಕೆಲಸದಲ್ಲಿ ಕೂಡಿವೆ. ಅವು ಹೇಗೆ ಕನ್ನಡವಾದವು ಎಂದು ಕೇಳುವ ಶಾಸ್ತ್ರ ನಮ್ಮಲ್ಲಿ ಏಳೂವರೆ ಶತಮಾನದಷ್ಟು ಹಳೆಯದು.

ಸುಮಾರು 1260ರಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ತತ್ಸಮ, ತದ್ಭವಗಳನ್ನು ಬೇರ್ಪಡಿಸಿ, ಸಂಸ್ಕೃತದ ಧ್ವನಿಗಳು ಕನ್ನಡದಲ್ಲಿ ಹೇಗೆ ಬದಲಾಗುತ್ತವೆ ಎಂಬುದಕ್ಕೆ ಸೂತ್ರ ಕೊಟ್ಟ. ಶಕಾರ ಸಕಾರವಾಗುತ್ತದೆ, ಮಹಾಪ್ರಾಣ ಅಲ್ಪಪ್ರಾಣವಾಗುತ್ತದೆ, ಒತ್ತಕ್ಷರ ಸಡಿಲವಾಗುತ್ತದೆ. ‘ತುತ್ಥ’ ಎಂಬುದು ‘ತುತ್ತ’ ಆದದ್ದು ಈ ದಾರಿಯಲ್ಲೇ. ಅದರ ಹಿಂದಿನ ‘ಮೈಲು’ ನವಿಲಿಗಿರುವ ದ್ರಾವಿಡ ಹೆಸರಾದ ‘ಮಯಿಲ್’. ಹರಳಿನ ನೀಲಿಯಿಂದ ಬಂದದ್ದು.

ಆದರೆ ಹಳೆಯ ವೈಯಾಕರಣರು ಸಂಸ್ಕೃತವನ್ನೂ ಕನ್ನಡವನ್ನೂ ನೇರವಾಗಿ ಎದುರುಬದುರು ಇಟ್ಟು ನೋಡಿದರು. ನಡುವೆ ಪ್ರಾಕೃತವಿತ್ತು. ‘ಚೂರ್ಣ’ದ ದೀರ್ಘ ಹ್ರಸ್ವವಾಗಿ, ‘ರ್ಣ’ ಹೋಗಿ ‘ಣ್ಣ’ ಬಂದದ್ದು ಪ್ರಾಕೃತದಲ್ಲೇ: ‘ಚುಣ್ಣ’. ಅದರ ಚಕಾರವನ್ನು ಸಕಾರ ಮಾಡಿ ‘ಸುಣ್ಣ’ ಎಂದದ್ದಷ್ಟೇ ಕನ್ನಡದ ಕೆಲಸ. ಮುಂದೆ ಪಂಡಿತರ ಬಾಯಿಂದ ಅದೇ ಪದ ‘ಚೂರ್ಣ’ವಾಗಿಯೇ ಮತ್ತೊಮ್ಮೆ ಬಂದು ಔಷಧಿಯ ಡಬ್ಬಿಯಲ್ಲಿ ನಿಂತಿತು. ಹೀಗೆ ಜೋಡಿಯಾಗಿ ಉಳಿದ ಪದಗಳು ಸಂಪರ್ಕ ಎರಡು ದಾರಿಯಲ್ಲಿ ನಡೆದದ್ದಕ್ಕೆ ಗಟ್ಟಿ ಸಾಕ್ಷಿ. ಕಿಟೆಲ್ 1894ರ ನಿಘಂಟಿನಲ್ಲಿ ತದ್ಭವಗಳನ್ನು ಗುರುತು ಹಾಕಿ ತೋರಿಸಿದ. 1962ರಲ್ಲಿ ಎಮನೋ ಮತ್ತು ಬರೋ ದ್ರಾವಿಡ ಭಾಷೆಗಳು ಇಂಡೋ-ಆರ್ಯನ್ ಭಾಷೆಗಳಿಂದ ಪಡೆದ ಪದಗಳನ್ನೇ ಒಂದು ಪುಸ್ತಕವಾಗಿ ಹೊಂದಿಸಿದರು.

ಇಪ್ಪತ್ತನೆಯ ಶತಮಾನದಲ್ಲಿ ಗಮನ ಪದಗಳ ಪಟ್ಟಿಯಿಂದ ಮಾತಿನ ಕಟ್ಟಳೆಗೆ ಹೊರಳಿತು. ‘ಡ್ರಮ್ಮು’, ‘ಪೈಪು’ ಎರಡನ್ನೂ ಪಕ್ಕದಲ್ಲಿಡಿ. ವ್ಯಂಜನದಲ್ಲಿ ನಿಂತ ಪದಕ್ಕೆ ಕನ್ನಡ ಉಕಾರ ಸೇರಿಸುತ್ತದೆ. ಒಂದೇ ಸ್ವರವಿರುವ ಪದದಲ್ಲಿ ಆ ಸ್ವರ ಹ್ರಸ್ವವಾದರೆ ವ್ಯಂಜನವನ್ನು ದ್ವಿತ್ವ ಮಾಡುತ್ತದೆ, ದೀರ್ಘವಾದರೆ ಇಲ್ಲ. ಹಳಗನ್ನಡದ ‘ಕಲ್’ ಹೊಸಗನ್ನಡದಲ್ಲಿ ‘ಕಲ್ಲು’ ಆದದ್ದು, ‘ಕಾಲ್’ ಬರಿ ‘ಕಾಲು’ ಆದದ್ದು ಇದೇ ಕಟ್ಟಳೆಯಿಂದ. ಎಂದರೆ ಇಂಗ್ಲಿಷ್ ಪದಕ್ಕೆಂದು ಹೊಸ ನಿಯಮ ಹುಟ್ಟಲಿಲ್ಲ. ‘ಟಿಕೆಟ್ಟು’, ‘ಬಕೆಟ್ಟು’ಗಳಲ್ಲಿ ಮಾತ್ರ ಲೆಕ್ಕ ತಪ್ಪುತ್ತದೆ, ಅವುಗಳಂತೆ ಎರಡು ಸ್ವರವಿರುವ ‘ಕಡಲ್’ ದ್ವಿತ್ವವಿಲ್ಲದೆ ‘ಕಡಲು’ ಆಗಿದೆಯಲ್ಲ.

ಅದೇ ‘ಡ್ರಮ್ಮು’ ಮೊದಲಲ್ಲಿ ಒತ್ತಕ್ಷರವನ್ನು ಹಾಗೆಯೇ ಉಳಿಸಿಕೊಂಡಿದೆ. ‘ಬೋರ್ಡೋ’ ಕೊನೆಯಲ್ಲಿ ದೀರ್ಘ ಓಕಾರವನ್ನೂ ಬಿಟ್ಟಿಲ್ಲ. ಒಂದು ಭಾಷೆಯೊಳಗೆ ಎರಡು ಧ್ವನಿವ್ಯವಸ್ಥೆ ಇರಬಲ್ಲವೆಂದು ಫ್ರೈಸ್ ಮತ್ತು ಪೈಕ್ 1949ರಲ್ಲೇ ವಾದಿಸಿದ್ದರು. 1995ರಲ್ಲಿ ಇಟೊ ಮತ್ತು ಮೆಸ್ಟರ್ ಜಪಾನಿ ಭಾಷೆಯನ್ನು ಆಧರಿಸಿ ಇದನ್ನು ಬೆಳೆಸಿದರು: ನಡುವಿನ ಪದಗಳು ಎಲ್ಲ ಕಟ್ಟಳೆಗೂ ಒಳಪಟ್ಟಿರುತ್ತವೆ, ಅಂಚಿಗೆ ಸರಿದಂತೆ ಒಂದೊಂದೇ ಕಟ್ಟಳೆ ಸಡಿಲುತ್ತದೆ. ನಮ್ಮಲ್ಲಿ ‘ಸುಣ್ಣ’ ನಡುವಿನದು, ‘ಡ್ರಮ್ಮು’ ಅದರಾಚೆಗಿನದು, ‘ಬೋರ್ಡೋ’ ಅಂಚಿನದು.

ಪದರಗಳು ಊರಿನ ಚರಿತ್ರೆಯನ್ನೂ ಹೇಳುತ್ತವೆ. ಮೈಸೂರಿನ ಕಡೆ ‘ಆಲೂಗಡ್ಡೆ’ ಎನ್ನುವುದಕ್ಕೆ ಇಲ್ಲಿ ‘ಬಟಾಟೆ’. ಅಲ್ಲಿಯ ‘ಸಂಬಳ’ ಇಲ್ಲಿ ‘ಪಗಾರ’. ‘ಬಟಾಟೆ’, ‘ಪಗಾರ’ ಎರಡೂ ಪೋರ್ಚುಗೀಸ್ ಮೂಲದವು, ಕೊಂಕಣಿ–ಮರಾಠಿಯ ದಾರಿಯಲ್ಲಿ ಬಂದವು. ‘ಬಟಾಟಾ’ದ ಆಕಾರ ಎಕಾರವಾದದ್ದು ‘ಮಾಲಾ’ ‘ಮಾಲೆ’ಯಾದ ಹಾಗೆಯೇ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿ 1956ರವರೆಗೆ ಅಲ್ಲಿಯೇ ಇತ್ತು. ಹಾಗಾಗಿ ಸಿದ್ದಾಪುರದವರಿಗೆ ‘ಮಾಮಲೇದಾರ’ ಆಗಿದ್ದ ಅಧಿಕಾರಿ, ಗಡಿ ದಾಟಿ ಮೈಸೂರು ಸೀಮೆಯ ಸಾಗರಕ್ಕೆ ಹೋದರೆ ‘ಅಮಲ್ದಾರ’.

ಈ ಸಾಕ್ಷ್ಯಕ್ಕೂ ಮಿತಿಯಿದೆ. ಯಲ್ಲಾಪುರದ ಸುತ್ತ ತಲೆಮಾರುಗಳಿಂದ ಬಾಳುತ್ತಿರುವ ಸಿದ್ದಿಗಳ ಪೂರ್ವಿಕರು ಆಫ್ರಿಕಾದವರು, ಆದರೂ ಊರಿನ ಕನ್ನಡದಲ್ಲಿ ಆಫ್ರಿಕದ ಭಾಷೆಗಳ ಗುರುತು ಹುಡುಕಿದರೂ ಸಿಗುವುದು ಕಷ್ಟ. ಕಚೇರಿ, ಪೇಟೆ, ಮಠಗಳ ಭಾಷೆಯಿಂದ ಪದ ಸುಲಭವಾಗಿ ಬರುತ್ತದೆ. ದುಡಿಯಲು ತಂದವರ ಭಾಷೆಯಿಂದ ಬರುವುದಿಲ್ಲ. ಪದದ ರೂಪ ನೋಡಿ ಕಾಲ ಹೇಳುವುದೂ ಅಪಾಯ. ಒಂದೇ ಮನೆಯಲ್ಲಿ ಅಜ್ಜ ‘ಇಸ್ಕೂಲು’ ಎಂದರೆ ಮೊಮ್ಮಗಳು ‘ಸ್ಕೂಲ್’ ಎನ್ನುತ್ತಾಳೆ. ಇಲ್ಲಿ ಬೇರೆಯಾದದ್ದು ಓದು, ಪದದ ವಯಸ್ಸಲ್ಲ.

ಡಿ.ಎನ್. ಶಂಕರ ಭಟ್ಟರು 1971ರಲ್ಲಿ ಹವ್ಯಕ ಕನ್ನಡದ ವ್ಯಾಕರಣ ಬರೆದರು. ಬಹುಪಾಲು ಕನ್ನಡಿಗರ ಮಾತಿನಲ್ಲಿ ಮಹಾಪ್ರಾಣವಿಲ್ಲವೆಂದು ಮುಂದೆ ವಾದಿಸಿದರು. ಕಿವಿಗೆ ಕೇಳಿದ್ದನ್ನೇ ಆಧಾರವಾಗಿಟ್ಟುಕೊಳ್ಳುವ ಆ ಪದ್ಧತಿ ಈ ಮೂರು ತಾಲೂಕುಗಳಿಗೆ ಈಗ ಬೇಕು. ‘ಬಟಾಟೆ’, ‘ಮೈಲುತುತ್ತ’, ‘ಇಸ್ಕೂಲು’ ಎನ್ನುವ ಹಿರಿಯರು ಮನೆಯಲ್ಲಿದ್ದರೆ ಅವರ ಮಾತನ್ನು ತಿದ್ದದೆ, ಅವರು ಅಂದ ಹಾಗೆಯೇ ಬರೆದಿಡಿ.