ಡೂಪ್ ತಲೆ ಎತ್ತಿದಾಗ

ಚಿಕ್ಕವನಿದ್ದಾಗ ಭಾನುವಾರ ಸಂಜೆ ಟಿವಿಯಲ್ಲಿ ಕನ್ನಡ ಸಿನಿಮಾ ಬಂದರೆ ನಮ್ಮಣ್ಣನಿಗೆ ಒಂದೇ ಕೆಲಸ, ಡೂಪ್ ಹಿಡಿಯೋದು. ಹೀರೋ ಮಹಡಿಯಿಂದ ಹಾರುತ್ತಿದ್ದ ಹಾಗೇ "ನೋಡೋ ವಿಗ್ಗು, ಅವನಲ್ಲ ಅದು" ಅಂತ ಕೂಗುತ್ತಿದ್ದ. ಹಾರಿದವನು ಯಾವಾಗಲೂ ನಮಗೆ ಬೆನ್ನು ತೋರಿಸುತ್ತಿದ್ದ, ಇಲ್ಲವೇ ಕೂದಲು ಮುಖದ ಮೇಲೆ ಬಿದ್ದಿರುತ್ತಿತ್ತು. ನೆಲ ಮುಟ್ಟುವಷ್ಟರಲ್ಲಿ ಶಾಟ್ ಕಟ್ ಆಗಿ ಹೀರೋ ಎದ್ದು ನಿಂತಿರುತ್ತಿದ್ದ.

ಇದು ಬರೀ ನಮ್ಮ ಸಿನಿಮಾದ ಬಡತನ ಅಂತ ಅಂದುಕೊಂಡಿದ್ದೆ. ಹಾಲಿವುಡ್ಡಿನಲ್ಲೂ ದಶಕಗಟ್ಟಲೆ ಇದೇ ನಡೆದದ್ದು. ಡೂಪ್ ಆದವರಿಗೆ ಬೀಳೋದು ಅರ್ಧ ಕೆಲಸ, ಬೀಳುವಾಗ ಮುಖ ಮುಚ್ಚಿಕೊಳ್ಳೋದು ಇನ್ನರ್ಧ. ಕ್ಯಾಮೆರಾ ಎಲ್ಲಿದೆ ಅನ್ನೋದು ಅವರ ಮೈಗೇ ಗೊತ್ತಿರಬೇಕಿತ್ತು. ತಪ್ಪಿ ಮುಖ ಕಂಡರೆ ಆ ಟೇಕ್ ಕಸಕ್ಕೆ, ಮತ್ತೊಮ್ಮೆ ಬೀಳಬೇಕು.

ಈ ನಿಯಮ ಮುರಿದ ಶಾಟ್ ನೀವೆಲ್ಲ ನೋಡಿರೋದೇ. 1993ರ 'ಜುರಾಸಿಕ್ ಪಾರ್ಕ್'ನ ಕೊನೆಯ ಭಾಗ. ಕಂಟ್ರೋಲ್ ರೂಮಿಗೆ ರ್‍ಯಾಪ್ಟರ್ ನುಗ್ಗುತ್ತದೆ, ಎಲ್ಲರೂ ಸೀಲಿಂಗಿನೊಳಗೆ ಹತ್ತಿ ತೆವಳುತ್ತಾರೆ. ಹುಡುಗಿ ಲೆಕ್ಸ್ ಇದ್ದ ಜಾಗ ಕುಸಿದು ಅವಳು ಕೆಳಗೆ ನೇತಾಡುತ್ತಾಳೆ. ಕ್ಯಾಮೆರಾ ಮೇಲಿನಿಂದ ನೋಡುತ್ತಿದೆ, ಕೆಳಗಿನಿಂದ ರ್‍ಯಾಪ್ಟರ್ ಹಾರುತ್ತದೆ. ನೇತಾಡಿದ್ದು ನಟಿ ಅರಿಯಾನಾ ರಿಚರ್ಡ್ಸ್ ಅಲ್ಲ, ಅವಳ ಡೂಪ್. ಆ ಕ್ಷಣದಲ್ಲಿ ಯಾರಾದರೂ ಮಾಡುವುದನ್ನೇ ಆಕೆಯೂ ಮಾಡಿದಳು. ತಲೆ ಎತ್ತಿ ಮೇಲೆ ನೋಡಿದಳು, ನೇರ ಕ್ಯಾಮೆರಾಗೆ.

ಹಳೇ ಕಾಲವಾಗಿದ್ದರೆ ಆ ಟೇಕಿನ ಕತೆ ಅಲ್ಲಿಗೆ ಮುಗೀತು. ಆದರೆ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಕಂಪನಿಯವರು ಹೇಗೂ ಇದೇ ಸಿನಿಮಾಕ್ಕೆ ಕಂಪ್ಯೂಟರಿನಲ್ಲಿ ಡೈನೋಸಾರ್ ಮಾಡುತ್ತಿದ್ದರು. ಫಿಲ್ಮನ್ನು ಸ್ಕ್ಯಾನ್ ಮಾಡಿ, ಚಿತ್ರ ತಿದ್ದಿ, ಮತ್ತೆ ಫಿಲ್ಮಿಗೆ ಇಳಿಸುವ ದಾರಿ ಆಗಲೇ ತೆರೆದಿತ್ತು. ಅದೇ ದಾರಿಯಲ್ಲಿ ಡೂಪ್ ಮುಖದ ಮೇಲೆ ಅರಿಯಾನಾಳ ಮುಖ ಬಂದು ಕೂತಿತು. ಡಿಜಿಟಲ್ ಮುಖ ಬದಲಾವಣೆಯ ಇತಿಹಾಸ ಹೇಳುವವರು ಸಾಮಾನ್ಯವಾಗಿ ಶುರು ಮಾಡೋದು ಇಲ್ಲಿಂದಲೇ.

ಕೇಳೋಕೆ ಸುಲಭ, ಫೋಟೋ ಕತ್ತರಿಸಿ ಅಂಟಿಸಿದ ಹಾಗೆ. ಆದರೆ ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರ. ಒಂದೇ ಸೆಕೆಂಡು ಮುಖ ಕಂಡರೂ 24 ಸಲ ಅಂಟಿಸಬೇಕು, 24 ಸಲವೂ ತಲೆ ಸ್ವಲ್ಪ ಬೇರೆ ಕಡೆ ತಿರುಗಿರುತ್ತದೆ. ಮೊದಲು ಬೇಕಾದದ್ದು ನಟಿಯ ಮುಖ, ಅದೂ ಡೂಪ್ ಮುಖದ ಮೇಲೆ ಯಾವ ಕಡೆಯಿಂದ ಬೆಳಕು ಬಿದ್ದಿತ್ತೋ ಆ ಕಡೆಯಿಂದಲೇ ಬೆಳಕು ಬಿಟ್ಟು, ಅದೇ ಕೋನದಲ್ಲಿ, ಅಷ್ಟೇ ದೂರದಿಂದ ತೆಗೆದದ್ದು. ದೂರ ಯಾಕೆ ಅಂದರೆ, ಫೋನನ್ನು ಮುಖದ ಹತ್ತಿರ ಹಿಡಿದು ಸೆಲ್ಫಿ ತೆಗೆದಾಗ ಮೂಗು ದಪ್ಪ ಕಾಣುತ್ತದಲ್ಲ, ಅದೇ ಕಾರಣಕ್ಕೆ. ದೂರ ತಪ್ಪಿದರೆ ಮುಖದ ಆಕಾರವೇ ತಲೆಗೆ ಹೊಂದುವುದಿಲ್ಲ.

ಆಮೇಲೆ ಡೂಪ್ ತಲೆಯ ಚಲನೆಯನ್ನು ಚಿತ್ರದಿಂದ ಚಿತ್ರಕ್ಕೆ ಹಿಂಬಾಲಿಸಿ ಹೊಸ ಮುಖವನ್ನು ಅದಕ್ಕೆ ಕಟ್ಟಬೇಕು. ಸಾಮಾನ್ಯವಾಗಿ ಬದಲಾಗೋದು ಹುಬ್ಬಿನಿಂದ ಗಲ್ಲದವರೆಗಿನ ಜಾಗ ಮಾತ್ರ. ಕೂದಲು, ಕಿವಿ, ಕುತ್ತಿಗೆ ಎಲ್ಲ ಡೂಪ್‌ನದೇ. ಅದಕ್ಕೇ ತಲೆಯ ಆಕಾರ ಹೊಂದುವ ಡೂಪ್ ಈಗಲೂ ಬೇಕು. ಅಂಚನ್ನು ಚರ್ಮದ ಬಣ್ಣದಲ್ಲಿ ಕರಗಿಸಬೇಕು. ತಲೆ ರಪ್ಪನೆ ತಿರುಗಿ ಚಿತ್ರ ಮಸುಕಾಗಿದ್ದರೆ ಹೊಸ ಮುಖವನ್ನೂ ಅಷ್ಟೇ ಮಸುಕು ಮಾಡಬೇಕು.

ಕೆಟ್ಟ ಕೆಲಸವನ್ನು ಹಿಡಿಯೋಕೆ ನಮ್ಮಣ್ಣನ ವಿಗ್ಗಿನ ಟ್ರಿಕ್ ಈಗ ಸಾಲದು. ಹಿಂಬಾಲಿಸೋದು ಕೂದಲೆಳೆಯಷ್ಟು ತಪ್ಪಿದರೂ ಮುಖ ತಲೆಯ ಮೇಲೆ ಸ್ಟಿಕ್ಕರಿನ ಹಾಗೆ ಜಾರುತ್ತದೆ, ಕಣ್ಣಿಟ್ಟು ನೋಡಿದರೆ ಸಿಗುತ್ತದೆ. ನಾನು ನೋಡೋದು ಕುತ್ತಿಗೆ. ಹಗ್ಗಕ್ಕೆ ನೇತಾಡುವ ಮನುಷ್ಯನ ಕುತ್ತಿಗೆಯ ನರ ಉಬ್ಬಿರುತ್ತದೆ, ಆದರೆ ಆ ಮುಖದ ಯಜಮಾನರು ತಿಂಗಳಾದ ಮೇಲೆ ಸ್ಟುಡಿಯೋದಲ್ಲಿ ಕುರ್ಚಿ ಮೇಲೆ ಕೂತು ನಟಿಸಿರುತ್ತಾರೆ. ಕುತ್ತಿಗೆ ಒದ್ದಾಡುತ್ತಿದೆ, ಮುಖ ಆರಾಮಾಗಿದೆ.

'ಜುರಾಸಿಕ್ ಪಾರ್ಕ್'ನಲ್ಲಿ ಇದು ಒಂದು ಟೇಕ್ ಉಳಿಸುವ ಉಪಾಯ ಅಷ್ಟೇ. ಅದು ತೆರೆಗೆ ಬರುವ ಎರಡೂವರೆ ತಿಂಗಳ ಮೊದಲು, 1993ರ ಮಾರ್ಚ್ 31ರಂದು, 'ದಿ ಕ್ರೋ' ಶೂಟಿಂಗಿನಲ್ಲಿ ಬಂದೂಕಿನ ಅವಘಡದಿಂದ ಬ್ರೂಸ್ ಲೀ ಮಗ ಬ್ರಾಂಡನ್ ಲೀ ತೀರಿಕೊಂಡ. ಉಳಿದ ದೃಶ್ಯಗಳಲ್ಲಿ ಅವನ ಜಾಗದಲ್ಲಿ ನಿಂತದ್ದು ಸ್ಟಂಟ್‌ಮನ್ ಚಾಡ್ ಸ್ಟಹೆಲ್ಸ್ಕಿ. ಆ ಮೈಗೆ ಸತ್ತವನ ಮುಖ ಕೂಡಿಸಿದರು. ಅಲ್ಲಿಂದ ಈ ಉಪಾಯಕ್ಕೆ ಎರಡು ಕವಲು. ಒಂದು, ತೀರಿಹೋದವರನ್ನು ತೆರೆಗೆ ತರೋದು. ವಿಷ್ಣುವರ್ಧನ್ 2009ರಲ್ಲಿ ಹೋದರು, 2016ರ 'ನಾಗರಹಾವು' ಸಿನಿಮಾದಲ್ಲಿ ಇನ್ನೊಬ್ಬರ ಮೈ ಮೇಲೆ ಅವರ ಡಿಜಿಟಲ್ ಮುಖ ಬಂತು. ಥಿಯೇಟರಿನಲ್ಲಿ ಶಿಳ್ಳೆ ಬಿದ್ದದ್ದು ಆ ಮುಖಕ್ಕೆ, ಮೈ ಯಾರದು ಅಂತ ಕೇಳಿದವರನ್ನು ನಾನಂತೂ ಕಾಣೆ.

ಇನ್ನೊಂದು ಕವಲು, ಬದುಕಿರುವವರ ನಡುವಿನ ಜಗಳ. 2010ರ 'ಬ್ಲ್ಯಾಕ್ ಸ್ವಾನ್' ಬ್ಯಾಲೆ ನರ್ತಕಿಯ ಕತೆ. ನಟಾಲಿ ಪೋರ್ಟ್‌ಮನ್‌ಗೆ ಆಸ್ಕರ್ ಬಂತು. ಕಷ್ಟದ ನೃತ್ಯಗಳಿಗೆ ಅವಳ ಡೂಪ್ ಆಗಿದ್ದ ವೃತ್ತಿಪರ ನರ್ತಕಿ ಸಾರಾ ಲೇನ್ 2011ರಲ್ಲಿ ಬಾಯಿ ಬಿಟ್ಟಳು. ಪೂರ್ತಿ ಮೈ ಕಾಣುವ ನೃತ್ಯದ ಶಾಟ್‌ಗಳಲ್ಲಿ ನಟಾಲಿಯದು ಸುಮಾರು ಶೇ. 5 ಮಾತ್ರ ಅಂದಳು. ನಿರ್ದೇಶಕ ಡ್ಯಾರೆನ್ ಅರೊನೊಫ್ಸ್ಕಿ ಎಡಿಟರ್ ಕೈಲಿ ಎಣಿಸಿಸಿದ. ಒಟ್ಟು 139 ನೃತ್ಯದ ಶಾಟ್, 111 ನಟಾಲಿಯದು, 28 ಸಾರಾಳದು ಅಂತ ಉತ್ತರ ಬಂತು.

ನನಗೆ ಅನಿಸೋದು, ಇಬ್ಬರೂ ಸುಳ್ಳು ಹೇಳಬೇಕಾಗೇ ಇರಲಿಲ್ಲ. ಅವನು ಎಲ್ಲ ಶಾಟ್ ಎಣಿಸಿದ, ಭುಜದ ಮೇಲಿನ ಕ್ಲೋಸಪ್ ಕೂಡ. ಅವಳು ಎಣಿಸಿದ್ದು ಕಾಲು ಕಾಣುವಂಥವನ್ನು. ಬ್ಯಾಲೆಯಲ್ಲಿ ವರ್ಷಗಟ್ಟಲೆ ಬೆವರು ಸುರಿಸೋದು ಆ ಕಾಲಿಗೇ. ವಿಗ್ ಕಾಲದಲ್ಲಾದರೆ ಈ ಜಗಳ ಹುಟ್ಟುತ್ತಲೇ ಇರಲಿಲ್ಲ, ಯಾಕೆಂದರೆ ಡೂಪ್ ಎಲ್ಲಿದೆ ಅಂತ ಪ್ರೇಕ್ಷಕನ ಕಣ್ಣಿಗೇ ಕಾಣುತ್ತಿತ್ತು. ಮುಖ ಬದಲಾದ ಮೇಲೆ ಸಾಕ್ಷಿ ಉಳಿದದ್ದು ಎಡಿಟರ್ ಕಂಪ್ಯೂಟರಿನಲ್ಲಿ ಮಾತ್ರ.

ಹಾಗಂತ ಡೂಪ್‌ಗಳಿಗೆ ಇದರಿಂದ ಬರೀ ನಷ್ಟ ಅಂತಲೂ ಅಲ್ಲ. ಕೂದಲಿನ ಮರೆಯಲ್ಲಿ ಕುರುಡಾಗಿ ಹಾರುವುದಕ್ಕಿಂತ ಎಲ್ಲಿ ಬೀಳುತ್ತಿದ್ದೇನೆ ಅಂತ ಕಣ್ಣಾರೆ ನೋಡಿಕೊಂಡು ಹಾರೋದು ಮೇಲಲ್ಲವೇ? ಆದರೆ ಮುಖ ಮುಚ್ಚಲೇಬೇಕು ಅನ್ನುವ ಅಡ್ಡಿ ಇಲ್ಲದ ಮೇಲೆ ಕ್ಯಾಮೆರಾ ಹತ್ತಿರ ಬರುತ್ತದೆ, ಶಾಟ್ ಉದ್ದವಾಗುತ್ತದೆ.

'ಜುರಾಸಿಕ್ ಪಾರ್ಕ್'ಗೆ 1994ರಲ್ಲಿ ವಿಷುಯಲ್ ಎಫೆಕ್ಟ್ಸ್ ಆಸ್ಕರ್ ಬಂತು. ಸ್ಟಂಟ್‌ಗೆ ಆಗ ಆಸ್ಕರ್ ವಿಭಾಗವೇ ಇರಲಿಲ್ಲ. ಅದನ್ನು ಶುರು ಮಾಡುತ್ತೇವೆ ಅಂತ ಅಕಾಡೆಮಿ ಹೇಳಿದ್ದು 2025ರ ಏಪ್ರಿಲ್‌ನಲ್ಲಿ. 2027ರಲ್ಲಿ ಬಿಡುಗಡೆಯಾಗುವ ಸಿನಿಮಾಗಳಿಗೆ, 2028ರ ಸಮಾರಂಭದಲ್ಲಿ ಮೊದಲ ಪ್ರಶಸ್ತಿ. ಅದಕ್ಕಾಗಿ ಪಟ್ಟು ಹಿಡಿದು ಓಡಾಡಿದವರಲ್ಲಿ ಚಾಡ್ ಸ್ಟಹೆಲ್ಸ್ಕಿ ಒಬ್ಬ. ಅದೇ, 'ದಿ ಕ್ರೋ'ದಲ್ಲಿ ಇನ್ನೊಬ್ಬನ ಮುಖ ಹೊತ್ತವನು, ಆಮೇಲೆ 'ಜಾನ್ ವಿಕ್' ಸಿನಿಮಾಗಳ ನಿರ್ದೇಶಕನಾದವನು.

ಮೊನ್ನೆ ಅಣ್ಣನ ಜೊತೆ ಕೂತು ರ್‍ಯಾಪ್ಟರ್ ಶಾಟನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಅವನಿಗೆ ಮೊದಲ ಸಲ ಡೂಪ್ ಸಿಗಲಿಲ್ಲ. "ಕಾಲು ನೋಡು" ಅಂದೆ. ರ್‍ಯಾಪ್ಟರ್ ಬಾಯಿ ತೆರೆಯುವ ಹೊತ್ತಿಗೆ ಮೇಲಕ್ಕೆ ಮಡಚಿಕೊಳ್ಳುವ ಆ ಕಾಲು ಆಕೆಯದೇ.