ಅರ್ಜುಲಕುಮ್ – ಅರ್ಜುಲಿಕುಮ್

ಕುರ್‌ಆನಿನ ಐದನೆಯ ಅಧ್ಯಾಯ ‘ಅಲ್‌ಮಾಇದಾ’ದ 6ನೆಯ ವಚನದಲ್ಲಿ ಬರುವ, ‘ನಿಮ್ಮ ಕಾಲುಗಳು’ ಎಂಬ ಅರ್ಥದ ಪದದ ಎರಡು ಪಾಠಗಳಿವು. ನಮಾಜಿಗೆ ಮೊದಲು ಮಾಡುವ ವುಜೂವಿನ ವಿಧಿಯನ್ನು ಹೇಳುವ ವಚನ ಇದು. ಕಾಲು ತೊಳೆಯಬೇಕೋ, ಒದ್ದೆ ಕೈಯಿಂದ ಸವರಿದರೆ ಸಾಕೋ ಎಂಬ ಚರ್ಚೆ ಈ ಪದದ ಒಂದು ಸ್ವರದ ಸುತ್ತ ಬೆಳೆಯಿತು.

ವಚನದಲ್ಲಿ ಕ್ರಿಯಾಪದ ಮೊದಲು ಬರುತ್ತದೆ, ಕರ್ಮ ಆಮೇಲೆ. ‘ತೊಳೆಯಿರಿ’ ಎಂದ ಮೇಲೆ ಮುಖ ಮತ್ತು ಮೊಣಕೈವರೆಗಿನ ಕೈಗಳು. ‘ಸವರಿಕೊಳ್ಳಿ’ ಎಂದ ಮೇಲೆ ತಲೆ. ಕೊನೆಗೆ ‘ಮತ್ತು’ ಎಂಬ ಅವ್ಯಯದೊಡನೆ, ಹರಡಿನವರೆಗೆ ಕಾಲುಗಳು. ಮುಖ, ಕೈ ‘ತೊಳೆಯಿರಿ’ಗೆ ನೇರ ಕರ್ಮಗಳಾದ್ದರಿಂದ ‘ಅ’ಕಾರ ಪಡೆದು ವುಜೂಹಕುಮ್, ಐದಿಯಕುಮ್ ಆಗುತ್ತವೆ. ಇದು ನಮ್ಮ ದ್ವಿತೀಯಾ ವಿಭಕ್ತಿಗೆ ಹತ್ತಿರ. ಅರಬ್ಬಿಯಲ್ಲಿ ‘ನಸ್ಬ್’ ಎನ್ನುತ್ತಾರೆ. ತಲೆಯ ಹಿಂದೆ ‘ಬಿ’ ಎಂಬ ಉಪಸರ್ಗವಿದೆ, ಆದ್ದರಿಂದ ಅದು ‘ಇ’ಕಾರ ಪಡೆದು ರುಊಸಿಕುಮ್ ಆಗುತ್ತದೆ. ಇದು ‘ಜರ್ರ್’. ಇನ್ನು ಕಾಲಿನ ಪದ ಯಾರ ಜೊತೆ ಸೇರಬೇಕು? ಅರ್ಜುಲಕುಮ್ ಎಂದರೆ ಕೈಗಳ ಸಾಲಿಗೆ ಸೇರಿ ತೊಳೆಯುವಂತಾಗುತ್ತದೆ. ಅರ್ಜುಲಿಕುಮ್ ಎಂದರೆ ತಲೆಯ ಸಾಲಿಗೆ ಸೇರಿ ಸವರುವಂತಾಗುತ್ತದೆ.

ಕನ್ನಡದಲ್ಲಿ ಈ ಇಬ್ಬಂದಿಯನ್ನು ಉಳಿಸಿಕೊಳ್ಳಲು ಬರುವುದಿಲ್ಲ. ನಮ್ಮ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಅನುವಾದಕ ‘ಕಾಲುಗಳನ್ನು’ ಎಂದು ಬರೆದೊಡನೆ ‘ತೊಳೆಯಿರಿ’ ಅಥವಾ ‘ಸವರಿಕೊಳ್ಳಿ’ ಎಂದು ತೀರ್ಮಾನಿಸಲೇಬೇಕು.

650ರ ಸುಮಾರಿಗೆ ಖಲೀಫ ಉಸ್ಮಾನರ ಕಾಲದಲ್ಲಿ ಪ್ರತಿಗಳು ಸಿದ್ಧವಾದಾಗ ಹ್ರಸ್ವ ಸ್ವರಗಳನ್ನು ಬರೆಯುವ ಪದ್ಧತಿ ಇರಲಿಲ್ಲ. ಎರಡು ಪಾಠಕ್ಕೂ ಅಕ್ಷರಗಳು ಒಂದೇ. ವ್ಯತ್ಯಾಸ ಉಳಿದದ್ದು ಗುರುವಿನಿಂದ ಶಿಷ್ಯನಿಗೆ ಬಂದ ಬಾಯಿಪಾಠದಲ್ಲಿ. ಬಗ್ದಾದಿನ ಇಬ್ನ್ ಮುಜಾಹಿದ್ (ಮರಣ 936) ಏಳು ಓದುಗರ ಪಾಠಗಳನ್ನು ಪ್ರಮಾಣವೆಂದು ದಾಖಲಿಸಿದರು. ಅವರಲ್ಲಿ ನಾಫಿ, ಇಬ್ನ್ ಆಮಿರ್, ಕಿಸಾಈ ‘ಲ’ ಓದಿದರು. ಇಬ್ನ್ ಕಸೀರ್, ಅಬೂ ಅಮ್ರ್, ಹಂಜಾ ‘ಲಿ’ ಓದಿದರು. ಏಳನೆಯವರಾದ ಕೂಫಾದ ಆಸಿಮ್ (ಮರಣ 745) ಅವರದೇ ಕುತೂಹಲದ ಸಂಗತಿ. ಅವರ ಶಿಷ್ಯ ಹಫ್ಸ್ ‘ಲ’ ಎಂದೂ ಇನ್ನೊಬ್ಬ ಶಿಷ್ಯ ಶುಅಬಾ ‘ಲಿ’ ಎಂದೂ ಒಪ್ಪಿಸಿದರು. ಒಬ್ಬನೇ ಗುರುವಿನಿಂದ ಎರಡೂ ಬಂದಿರುವಾಗ ಒಂದನ್ನು ತಪ್ಪೆಂದು ತಳ್ಳುವುದು ಸುಲಭವಲ್ಲ.

ಭಾರತದಲ್ಲಿ ನಡೆಯುವುದು ಹಫ್ಸ್ ಪಾಠ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಮಸೀದಿಗಳಲ್ಲಿ ಕೇಳಿಸುವುದೂ ಅದೇ. ಇಲ್ಲಿನ ಮದರಸಾದ ಮಕ್ಕಳು ಸ್ವರಚಿಹ್ನೆಗಳನ್ನು ಉರ್ದುವಿನ ಜಬರ್, ಜೇರ್, ಪೇಶ್ ಎಂಬ ಹೆಸರಿನಿಂದ ಕಲಿಯುತ್ತಾರೆ. ಅವರ ಪ್ರತಿಯಲ್ಲಿ ಈ ಪದದ ‘ಲಾಮ್’ ಅಕ್ಷರದ ಮೇಲೆ ಓರೆ ಗೆರೆಯೊಂದಿರುತ್ತದೆ, ಅದು ಜಬರ್. ಅದೇ ಗೆರೆ ಅಕ್ಷರದ ಕೆಳಗಿಳಿದರೆ ಜೇರ್, ಪಾಠ ಶುಅಬಾರದ್ದಾಗುತ್ತದೆ.

ಇಷ್ಟು ಕೇಳಿದವರಿಗೆ ‘ಲ’ ಓದುವವರು ತೊಳೆಯುತ್ತಾರೆ, ‘ಲಿ’ ಓದುವವರು ಸವರುತ್ತಾರೆ ಎನಿಸಬಹುದು. ಹಾಗಿಲ್ಲ. ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಶಿಯಾ ಮುಸ್ಲಿಮರೇ ಹೆಚ್ಚು. ಅವರ ಕೈಯಲ್ಲಿರುವುದೂ ಜಬರ್ ಇರುವ ಹಫ್ಸ್ ಪ್ರತಿಯೇ, ಆದರೆ ಶಿಯಾ ವಿಧಿಯಲ್ಲಿ ಕಾಲನ್ನು ಸವರುತ್ತಾರೆ. ಸುಡಾನಿನ ಸುನ್ನಿಗಳು ಅಬೂ ಅಮ್ರ್ ಪಾಠದಂತೆ ‘ಲಿ’ ಎಂದೇ ಓದಿ, ಕಾಲು ತೊಳೆಯುತ್ತಾರೆ.

ಇದಕ್ಕೆ ಎರಡೂ ಕಡೆಯವರಿಗೆ ವ್ಯಾಕರಣದ ಆಧಾರವಿದೆ. ಶಿಯಾ ಪಂಡಿತರ ಪ್ರಕಾರ ‘ತಲೆ’ಗೆ ಉಪಸರ್ಗದಿಂದ ‘ಇ’ಕಾರ ಬಂದಿದ್ದರೂ ವಾಕ್ಯದಲ್ಲಿ ಅದರ ಸ್ಥಾನ ಕರ್ಮದ್ದೇ, ಆ ಸ್ಥಾನವನ್ನು ನೋಡಿ ಕಾಲಿನ ಪದ ‘ಅ’ಕಾರ ಪಡೆದಿದೆ. ಜೊತೆಗೆ, ನಡುವೆ ಬೇರೊಂದು ಕ್ರಿಯಾಪದ ಬಂದ ಮೇಲೆ ಅದನ್ನು ದಾಟಿ ಹಿಂದಿನ ಕೈಗಳಿಗೆ ಗಂಟು ಹಾಕುವುದು ಸಹಜವಲ್ಲ ಎನ್ನುತ್ತಾರೆ. ಸುನ್ನಿ ಪಂಡಿತರಲ್ಲಿ ಕೆಲವರು ‘ಲಿ’ಯನ್ನು ನೆರೆಯ ಪದದ ಸೋಂಕು ಎಂದು ವಿವರಿಸಿದರು. ಅರಬ್ಬಿ ವ್ಯಾಕರಣಗಳಲ್ಲಿ ಇದಕ್ಕೆ ‘ಹಾಳುಬಿದ್ದ ಉಡದ ಬಿಲ’ ಎಂಬರ್ಥದ ಹಳೆಯ ಉದಾಹರಣೆಯಿದೆ: ಹಾಳಾದದ್ದು ಬಿಲ, ಆದರೆ ವಿಶೇಷಣ ಪಕ್ಕದ ಉಡದ ಪ್ರತ್ಯಯವನ್ನು ತೊಟ್ಟಿದೆ. ಈ ವಾದ ದುರ್ಬಲವೆಂದೇ ತೋರುತ್ತದೆ. ಅಲ್ಲಿ ಅರ್ಥಕ್ಕೆ ಗೊಂದಲವಿಲ್ಲ, ನಡುವೆ ‘ಮತ್ತು’ ಇಲ್ಲ. ಇಲ್ಲಿ ಎರಡೂ ಇವೆ. ‘ಹರಡಿನವರೆಗೆ’ ಎಂಬ ಮಿತಿಯ ವಾದ ಇದಕ್ಕಿಂತ ಗಟ್ಟಿ: ತೊಳೆಯುವ ಕೈಗೆ ಮೊಣಕೈಯ ಮಿತಿಯಿದೆ, ಸವರುವ ತಲೆಗೆ ಮಿತಿಯಿಲ್ಲ, ಕಾಲಿಗೆ ಮತ್ತೆ ಮಿತಿಯಿದೆ. ಇನ್ನು ಕೆಲವರು ಪಾಠಗಳನ್ನು ಎರಡು ಸಂದರ್ಭಗಳಿಗೆ ಹಂಚಿದರು: ಬರಿಗಾಲಾದರೆ ತೊಳೆಯುವುದು, ಚರ್ಮದ ಕಾಲುಚೀಲ ತೊಟ್ಟಿದ್ದರೆ ಅದರ ಮೇಲೆ ಸವರುವುದು.

‘ಲಿ’ ಪಾಠಕ್ಕೆ ವ್ಯಾಖ್ಯಾನಕಾರ ಜಮಖ್‌ಶರೀ (ಮರಣ 1144) ಕೊಟ್ಟ ವಿವರಣೆ ಬಯಲುಸೀಮೆಯವರಿಗೆ ಕೂಡಲೇ ಹಿಡಿಸುವಂಥದ್ದು. ಕಾಲಿಗೆ ನೀರು ಸುರಿದು ತೊಳೆಯುವುದರಿಂದ ಅಲ್ಲೇ ಪೋಲು ಹೆಚ್ಚು. ಹಿತಮಿತವಾಗಿ ಸುರಿಯಲೆಂದು ಕಾಲನ್ನು ಸವರುವ ಅಂಗದ ಜೊತೆ ಹೇಳಿದೆ, ಸವರಲಿ ಎಂದಲ್ಲ ಎಂಬುದು ಅವರ ಮಾತು.